ಕೆಳಗಿಟ್ಟ ದಫ್

ನಮ್ಮ ಓಣಿಯ ಬೈಂಡರ್ ಹೇಡಿ. ಹೆಂಡತಿ ಗದರಿದರೆ ಹೆಂಡತಿ ಸರಿ, ಗಿರಾಕಿ ಗದರಿದರೆ ಗಿರಾಕಿ ಸರಿ. ಊರಿನ ಪುಸ್ತಕಗಳ ಬೆನ್ನು ಹೊಲಿಯುತ್ತಿದ್ದವನಿಗೆ ಸ್ವಂತ ಬೆನ್ನೆಲುಬು ಇರಲಿಲ್ಲ.

ಗುರುವಾರ ಸಂಜೆ ಅವನ ಅಂಗಡಿಯಲ್ಲಿ ಅಂಟಿನ ಡಬ್ಬಿ, ರಟ್ಟುಗಳನ್ನು ಗೋಡೆಗೆ ಸರಿಸಿ ಹತ್ತು ಜನ ದುಂಡಗೆ ಕೂತು ದೇವರನ್ನು ಸ್ಮರಿಸುತ್ತಿದ್ದರು. ಅದು ಜಿಕ್ರ್. 'ಲಾ ಇಲಾಹ', ಬೇರೆ ದೇವರಿಲ್ಲ, ಎನ್ನುತ್ತ ತಲೆ ಬಲಕ್ಕೆ ತಿರುಗಿಸಿ ಮನಸ್ಸಿನಲ್ಲಿರುವ ಮಿಕ್ಕೆಲ್ಲವನ್ನೂ ಆಚೆ ಹಾಕುವುದು. 'ಇಲ್ಲಲ್ಲಾಹ್', ಅಲ್ಲಾಹನ ಹೊರತು, ಎನ್ನುತ್ತ ಎಡಕ್ಕೆ ತಂದು ಎದೆಯ ಮೇಲೆ ಇಳಿಸುವುದು. ಎಲ್ಲರ ಉಸಿರು ಒಂದಾದ ಮೇಲೆ ಬೈಂಡರ್ ದಫ್ ಎಂಬ ಚರ್ಮವಾದ್ಯ ಬಡಿದು ಹಾಡುತ್ತಿದ್ದ. ಅದಕ್ಕೊಂದು ಕಟ್ಟಳೆಯಿತ್ತು: ಯಾವುದಾದರೂ ಸಾಲಿಗೆ ಒಬ್ಬ ಮೈಮರೆತರೆ, ಅವನಿಗೆ ಎಚ್ಚರವಾಗುವವರೆಗೆ ಹಾಡುವವನು ಆ ಸಾಲನ್ನು ಬಿಡಕೂಡದು.

ಮಸೀದಿಗೆ ಹೊಸ ಮೌಲ್ವಿಯಾಗಿ ಬಂದವನು ಬೈಂಡರನ ಅಳಿಯ. ಓದಿದವನು, ಕೆಟ್ಟವನಲ್ಲ. ದೇವರ ಸ್ಮರಣೆ ಕುರಾನಿನ ಆಜ್ಞೆಯೇ ಎಂದು ಅವನೂ ಒಪ್ಪುತ್ತಿದ್ದ. ಆದರೆ ಪ್ರವಾದಿಗಳು, ಅವರ ಸಂಗಾತಿಗಳು ಹೀಗೆ ಒಕ್ಕೊರಲಿನಲ್ಲಿ ತೂಗಾಡುತ್ತ ಮಾಡಿದ್ದಕ್ಕೆ ಆಧಾರವಿಲ್ಲ. ದಫ್ ಮದುವೆಗೆ ಸರಿ, ಆರಾಧನೆಗಲ್ಲ ಎಂಬುದು ಅವನ ವಾದ. ಕೂಟದ ಹಿರಿಯನಾದ ಕಲ್ಲುಕುಟಿಗ, ಇದನ್ನು ಒಪ್ಪಿದ ದೊಡ್ಡ ವಿದ್ವಾಂಸರೂ ಇದ್ದಾರೆಂದು ಹೇಳಿ ನಕ್ಕಿದ್ದ.

"ಉಸಿರಾಡೋದಕ್ಕೂ ಆಧಾರ ಕೇಳ್ತೀಯೇನಪ್ಪಾ?"

"ಉಸಿರನ್ನ ಯಾರೂ ಆರಾಧನೆ ಅನ್ನಲ್ಲ ಚಾಚಾ. ಇದನ್ನ ಅಂತೀರಲ್ಲ, ಅದಕ್ಕೇ ಕೇಳ್ತೀನಿ."

ಬೈಂಡರ್ ಇಬ್ಬರಿಗೂ ತಲೆಯಾಡಿಸಿದ್ದ.

ಮುಂದಿನ ಗುರುವಾರ ಕಲ್ಲುಕುಟಿಗ ಒಂದು ಸಾಲಿಗೆ ಮೈಮರೆತು ಎದ್ದು ನಿಂತಿದ್ದ. ಬೈಂಡರ್ ಅದೇ ಸಾಲನ್ನು ತಿರುಗಿ ತಿರುಗಿ ಹಾಡುತ್ತಿದ್ದ. ಬಾಗಿಲಲ್ಲಿ ಅಳಿಯ ಕಾಣಿಸಿಕೊಂಡು, "ಮಾವ, ಸಾಕು ನಿಲ್ಸಿ" ಎಂದ. ಬೈಂಡರ್ ದಫ್ ಕೆಳಗಿಟ್ಟ. ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವನಂತೆ ಕಲ್ಲುಕುಟಿಗ ಮುಗ್ಗರಿಸಿ ಪುಸ್ತಕ ಒತ್ತುವ ಕಬ್ಬಿಣದ ಯಂತ್ರದ ಮೇಲೆ ಬಿದ್ದ. ಹೊತ್ತು ಆಸ್ಪತ್ರೆಗೆ ಒಯ್ದವನು ಮೌಲ್ವಿಯೇ. ಮಿದುಳಿನ ನರ ಒಡೆದಿದೆ, ಹಾಡು ನಿಲ್ಲಿಸದಿದ್ದರೂ ಒಡೆಯುತ್ತಿತ್ತು ಎಂದರು ಡಾಕ್ಟರು. ಓಣಿ ನಂಬಲಿಲ್ಲ. ಕೂಟ ಒಡೆಯಿತು. ಬೈಂಡರ್ ಅಳಿಯನ ಪಾಠಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ಕೂರತೊಡಗಿದ.

ಮೂರು ತಿಂಗಳು ಕಲ್ಲುಕುಟಿಗನಿಗೆ ಮಾತಿಲ್ಲ, ಒಂದು ಮಗ್ಗುಲು ಅಲ್ಲಾಡಲಿಲ್ಲ. ಕೊನೆಯ ಮಧ್ಯಾಹ್ನ ಮೌಲ್ವಿ ಅವನ ತಲೆದೆಸೆಯಲ್ಲಿ ಕೂತು ಒಂದೇ ಸಲ, ಮೆಲ್ಲಗೆ ಕಲಿಮ, ಅದೇ 'ಲಾ ಇಲಾಹ ಇಲ್ಲಲ್ಲಾಹ್', ಹೇಳಿದ. ಸಾಯುವವನಿಗೆ ನೆನಪಿಸಬೇಕು, ಒತ್ತಾಯಿಸಬಾರದು, ಅದು ಕ್ರಮ. ಕಾಲ್ದೆಸೆಯಲ್ಲಿ ಕೂತಿದ್ದ ಬೈಂಡರನ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕಿತು. ಆಮೇಲೆ ಅವನು ಆ ಗುರುವಾರ ನಡುವೆ ಬಿಟ್ಟಿದ್ದ ಸಾಲನ್ನು ಎತ್ತಿಕೊಂಡ.

"ಮಾವ, ಬೇಡ" ಎಂದ ಮೌಲ್ವಿ.

ಕಲ್ಲುಕುಟಿಗನ ತಲೆ ಬಲಕ್ಕೂ ಹೊರಳಲಿಲ್ಲ, ಎಡಕ್ಕೂ ಹೊರಳಲಿಲ್ಲ. ಬೈಂಡರ್ ಅಳಿಯನನ್ನೇ ನೋಡುತ್ತ, ಅದೇ ಸಾಲನ್ನು ಮತ್ತೆ ಮೊದಲಿನಿಂದ ಹಾಡಿದ.