ಡ್ಯೂಟಿಗೊಂದು ಗಡಿಯಾರ

ನನಗೆ ಥೈರಾಯ್ಡ್ ಇದೆ ಎಂದು ಗೊತ್ತಾದಾಗ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟೇ: ದಿನಕ್ಕೊಂದು ಮಾತ್ರೆ, ಬೆಳಿಗ್ಗೆ, ಖಾಲಿ ಹೊಟ್ಟೆಗೆ. ನಾನೇ ನರ್ಸ್. ಇಂಥ ಚೀಟಿಗಳನ್ನು ದಿನವಿಡೀ ಓದಿ, ರೋಗಿಗಳಿಗೆ ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುವವಳು. ಹಾಗಾಗಿ ನನ್ನ ಮಾತ್ರೆ ನನಗೊಂದು ಸಮಸ್ಯೆಯಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆಗ ನಾವು ದೋಹಾದ ಮದೀನತ್ ಖಲೀಫಾದಲ್ಲಿದ್ದೆವು. ಒಂದು ವಿಲ್ಲಾವನ್ನು ಗೋಡೆ ಹಾಕಿ ನಾಲ್ಕು ಮನೆ ಮಾಡಿದ್ದರು. ಮಹಡಿಯ ಮೇಲಿನ ಎರಡು ಕೋಣೆ ನಮ್ಮದು. ನಾನು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ. ನನ್ನ ಗಂಡ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಇಬ್ಬರಿಗೂ ಶಿಫ್ಟ್. ಅವರದು ಲೆಕ್ಕ ಹಾಕಿದಂತೆ ಸುತ್ತುವ ಶಿಫ್ಟ್: ಎರಡು ಮಾರ್ನಿಂಗ್, ಎರಡು ಈವ್ನಿಂಗ್, ಎರಡು ನೈಟ್, ಎರಡು ಆಫ್, ಮತ್ತೆ ಮೊದಲಿನಿಂದ. ಮುಂದಿನ ವರ್ಷ ಯಾವ ದಿನ ಯಾವ ಡ್ಯೂಟಿ ಎಂದು ಈಗಲೇ ಹೇಳಬಲ್ಲರು. ನನ್ನದು ಹಾಗಲ್ಲ. ನಮ್ಮ ವಾರ್ಡಿನ ಇನ್‌ಚಾರ್ಜ್ ತಿಂಗಳಿಗೊಮ್ಮೆ ಡ್ಯೂಟಿಯ ರೋಸ್ಟರ್ ಬರೆಯುತ್ತಿದ್ದರು. ಬರೆದ ಮೇಲೂ ಪೆನ್ಸಿಲನ್ನು ಕೆಳಗಿಡುತ್ತಿರಲಿಲ್ಲ.

ಮಾತ್ರೆ ಶುರುಮಾಡಿ ಕೆಲವು ತಿಂಗಳಾದರೂ ರಕ್ತಪರೀಕ್ಷೆ ಸುಧಾರಿಸಲಿಲ್ಲ. ಡಾಕ್ಟರು ಸುಡಾನಿನವರು, ಬಹಳ ಸಮಾಧಾನದ ಮನುಷ್ಯ. ರಿಪೋರ್ಟನ್ನು ನೋಡಿ, ನನ್ನನ್ನು ನೋಡಿ, ಇಂಗ್ಲಿಷಿನಲ್ಲಿ ಕೇಳಿದರು.

"ಸಿಸ್ಟರ್, ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?"

"ಹೌದು ಡಾಕ್ಟರ್. ಬೆಳಿಗ್ಗೆ."

"ನೈಟ್ ಡ್ಯೂಟಿ ಇದ್ದಾಗ?"

"ಆಗಲೂ ಬೆಳಿಗ್ಗೆಯೇ. ಮನೆಗೆ ಬಂದ ಕೂಡಲೇ."

"ಮನೆಗೆ ಬರುವ ಮೊದಲು ವಾರ್ಡಿನಲ್ಲಿ ಏನಾದರೂ ತಿಂದಿರುತ್ತೀರಾ?"

ತಿನ್ನುತ್ತೇನೆ ಎಂದು ಒಪ್ಪಿಕೊಂಡೆ. ನೈಟ್ ಮುಗಿಯುವ ಹೊತ್ತಿಗೆ ನಮ್ಮ ಪ್ಯಾಂಟ್ರಿಯಲ್ಲಿ ಮಲಯಾಳಿ ಹುಡುಗಿಯರು ತಂದ ಪುಟ್ಟು, ಕಡಲೆ, ಹಾಲು ಹಾಕಿದ ಕಡಕ್ ಚಹಾ ಎಲ್ಲ ಇರುತ್ತಿತ್ತು. ಅದನ್ನು ಬಿಡುವಷ್ಟು ಸಂನ್ಯಾಸ ನನ್ನಲ್ಲಿರಲಿಲ್ಲ. ಈವ್ನಿಂಗ್ ಡ್ಯೂಟಿಯ ದಿನಗಳಲ್ಲೋ ತಡವಾಗಿ ಎದ್ದು, ಮೊದಲು ಕಾಫಿ ಕುಡಿದು, ಆಮೇಲೆ ಮಾತ್ರೆ ನೆನಪಾಗುತ್ತಿತ್ತು.

ಡಾಕ್ಟರು ನಕ್ಕರು. "ಬೆಳಿಗ್ಗೆ ಎಂಬುದನ್ನು ಮರೆತುಬಿಡಿ. ನಿಮ್ಮ ದೊಡ್ಡ ನಿದ್ದೆ ಮುಗಿಸಿ ಏಳುತ್ತೀರಲ್ಲ, ಆಗ ತಗೊಳ್ಳಿ. ನೀರಿನ ಜೊತೆ ಮಾತ್ರ. ಅರ್ಧ ಮುಕ್ಕಾಲು ಗಂಟೆ ಬೇರೇನೂ ಬೇಡ. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ಆದರೂ ಚಿಂತೆಯಿಲ್ಲ. ಈ ಮಾತ್ರೆ ದೇಹದಲ್ಲಿ ನಿಧಾನಕ್ಕೆ ಕರಗುವಂಥದ್ದು. ಹೊಟ್ಟೆ ಖಾಲಿ ಇರಬೇಕು, ದಿನ ತಪ್ಪಬಾರದು, ಅಷ್ಟೇ."

ಮನೆಗೆ ಬಂದು ಹೇಳಿದೆ. ನನ್ನ ಗಂಡನಿಗೆ ಇಂಥ ಸಮಸ್ಯೆ ಸಿಕ್ಕರೆ ಮದುವೆಯೂಟ ಸಿಕ್ಕಷ್ಟು ಖುಷಿ. ಮರುದಿನವೇ ಸೂಕಿಗೆ, ಅಂದರೆ ಅಲ್ಲಿನ ಪೇಟೆಗೆ, ಹೋಗಿ ಒಂದು ಡಿಜಿಟಲ್ ಡೈರಿ ತಂದರು. ಅಂಗೈಯಷ್ಟು ದೊಡ್ಡದು, ಪುಸ್ತಕದಂತೆ ತೆರೆಯುವುದು, ಅಕ್ಕಿಕಾಳಿನಷ್ಟು ಸಣ್ಣ ಬಟನುಗಳು. ತಾರೀಕು, ಗಂಟೆ ಹಾಕಿಟ್ಟರೆ ಆ ಹೊತ್ತಿಗೆ ಕೂಗುತ್ತದೆ. ನನ್ನ ರೋಸ್ಟರನ್ನು ಎದುರಿಗಿಟ್ಟುಕೊಂಡು ಇಡೀ ತಿಂಗಳ ಅಲಾರಂ ತುಂಬಿಸಿದರು: ಮಾತ್ರೆ, ಕಾಫಿ, ಮೊಸರಿಗೆ ಹೆಪ್ಪು, ಊರಿಗೆ ಫೋನ್.

"ಇನ್ನು ನೀನು ತಲೆಬಿಸಿ ಮಾಡ್ಲಿಕ್ಕೇ ಇಲ್ಲ ಮಾರಾಯ್ತಿ. ಎಲ್ಲ ಇದರೊಳಗೆ ಉಂಟು."

ಎರಡು ದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ಇನ್‌ಚಾರ್ಜ್ ಫೋನ್ ಮಾಡಿದರು. ಒಬ್ಬಳು ಸಿಸ್ಟರಿಗೆ ಜ್ವರ, ನಾಳೆಯಿಂದ ನೀನು ಮಾರ್ನಿಂಗ್ ಬಾ ಎಂದರು. ಆಗುವುದಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿರಲಿಲ್ಲ. ಒಂದು ಡ್ಯೂಟಿ ಬದಲಾದದ್ದೇ ತಡ, ಅದರ ಹಿಂದಿನ ಮುಂದಿನ ಡ್ಯೂಟಿಗಳೂ ಕದಲಿದವು. ಆದರೆ ಡೈರಿಗೆ ಇದನ್ನು ಯಾರು ಹೇಳಬೇಕು? ಅದು ತನಗೆ ಮೊದಲು ಹೇಳಿದ್ದನ್ನೇ ಹಿಡಿದು ಕೂತಿತ್ತು.

ಮರುದಿನ ಸರ್ಜನ್ ರೌಂಡ್ಸಿಗೆ ಬಂದಿದ್ದರು. ನಾನು ರೋಗಿಯ ಫೈಲು ಹಿಡಿದು ಇನ್‌ಚಾರ್ಜ್ ಪಕ್ಕದಲ್ಲಿ ನಿಂತಿದ್ದೆ. ಹೊಟ್ಟೆ ಆಪರೇಶನ್ ಆದ ಒಬ್ಬ ಮುದುಕನ ಹೊಲಿಗೆಯನ್ನು ಸರ್ಜನ್ ಬಗ್ಗಿ ನೋಡುತ್ತಿದ್ದಾಗ ನನ್ನ ಜೇಬಿನಿಂದ ಪೀಂ ಪೀಂ ಎಂದು ಶುರುವಾಯಿತು. ಸರ್ಜನ್ ತಟ್ಟನೆ ನೆಟ್ಟಗಾದರು. ಇನ್‌ಚಾರ್ಜ್ ಪಕ್ಕದ ಮಂಚದ ಡ್ರಿಪ್ ಮೆಷೀನನ್ನು ನೋಡಿದರು. ಮುದುಕ ತನ್ನ ಹೊಟ್ಟೆಯನ್ನೇ ಅನುಮಾನದಿಂದ ನೋಡಿಕೊಂಡ. ನಾನು ಡೈರಿ ಹೊರತೆಗೆದು ಬಾಯಿ ಮುಚ್ಚಿಸಲು ಹೋದರೆ ಆ ಅಕ್ಕಿಕಾಳಿನ ಬಟನುಗಳಲ್ಲಿ ಸರಿಯಾದದ್ದು ಸಿಗಲೇ ಇಲ್ಲ. ಇನ್‌ಚಾರ್ಜ್ ಕೊರಳು ಚಾಚಿ ಪರದೆ ಓದಿದರು. ಇಂಗ್ಲಿಷಿನಲ್ಲಿ ಹೀಗಿತ್ತು: ಎದ್ದೇಳು, ಮಾತ್ರೆ ತಗೋ.

"ಎದ್ದಿದ್ದೀಯಲ್ಲ," ಎಂದರು ಇನ್‌ಚಾರ್ಜ್. ಸರ್ಜನ್ ಕೂಡ ನಕ್ಕರು. ಹೊಲಿಗೆ ಎಳೆಯುತ್ತದೆಂದು ಮುದುಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ದಿನ ಮನೆಯಲ್ಲಿ ನಾನು ಡೈರಿಯನ್ನು ಸೋಫಾದ ಮೇಲೆ ಎಸೆದೆ.

"ನಿಮ್ಮ ಡೈರಿ ಗಂಟೆ ನೋಡ್ತದೆ ಮಾರಾಯ್ರೆ. ನನ್ನ ದಿನ ಗಂಟೆಗೆ ಶುರುವಾಗುವುದಲ್ಲ, ಡ್ಯೂಟಿಗೆ ಶುರುವಾಗುವುದು. ವಾರ್ಡಿನ ರೋಗಿಗೆ ಗಂಟೆ ನೋಡಿ ಮಾತ್ರೆ ಕೊಡಬಹುದು, ಅವ ಮಲಗಿದಲ್ಲೇ ಇರ್ತಾನೆ. ನಾನು ಇರ್ತೇನಾ?"

ಅವರು ಸಿಟ್ಟಾಗಲಿಲ್ಲ. ಚಹಾ ಕುಡಿಯುತ್ತ ಯೋಚಿಸಿದರು.

"ಹೌದಲ್ವಾ," ಎಂದರು ಕೊನೆಗೆ. "ಪ್ಲಾಂಟಿನಲ್ಲಿ ನಾವೂ ಎಷ್ಟೋ ಕೆಲಸಕ್ಕೆ ಗಂಟೆ ಬರೆಯುವುದಿಲ್ಲ. ಶಿಫ್ಟ್ ಶುರುವಿಗೆ ಒಂದು ಸುತ್ತು, ನಡುವಿಗೆ ಒಂದು ಸುತ್ತು, ಬಿಡುವ ಮೊದಲು ಒಂದು ಸುತ್ತು ಅಂತಲೇ ಇರುವುದು. ಯಾವ ಶಿಫ್ಟ್ ಬಂದ್ರೂ ಅದೇ ಪಟ್ಟಿ ನಡೀತದೆ."

ಮುಂದಿನ ಆಫಿನಲ್ಲಿ ಅವರು ಮೂರು ಟೇಬಲ್ ಗಡಿಯಾರ ತಂದರು. ಕೆಂಪು, ನೀಲಿ, ಕಪ್ಪು. ಅಲಾರಮಿನ ಮುಳ್ಳನ್ನು ಒಮ್ಮೆ ತಿರುಗಿಸಿದ ಮೇಲೆ ಮತ್ತೆ ಮುಟ್ಟುವ ಹಾಗಿಲ್ಲ ಎಂದು ಟೇಪು ಅಂಟಿಸಿದರು. ಕೆಂಪು ಮಾರ್ನಿಂಗಿಗೆ, ಕತ್ತಲಿರುವಾಗಲೇ ಬಡಿಯುತ್ತದೆ. ನೀಲಿ ಈವ್ನಿಂಗಿಗೆ, ಬಿಸಿಲೇರಿದ ಮೇಲೆ. ಕಪ್ಪು ನೈಟಿಗೆ, ನೈಟ್ ಮುಗಿಸಿ ಬಂದು ಮಲಗಿದವಳನ್ನು ಮಧ್ಯಾಹ್ನ ಕಳೆದ ಮೇಲೆ ಎಬ್ಬಿಸುತ್ತದೆ. ಮಲಗುವಾಗ ಮುಂದಿನ ಡ್ಯೂಟಿ ಯಾವುದೋ ಆ ಗಡಿಯಾರದ ಅಲಾರಂ ಗುಂಡಿ ಮಾತ್ರ ಮೇಲೆ, ಉಳಿದೆರಡರದು ಕೆಳಗೆ. ಮೊದಲ ನೈಟಿಗೆ ಹೋಗುವ ದಿನ ಮಾತ್ರ ಹಿಂದಿನ ರಾತ್ರಿ ಎಲ್ಲರಂತೆ ಮಲಗಿರುತ್ತೇನಲ್ಲ, ಅವತ್ತಿಗೆ ನೀಲಿಯೇ ಸಾಕು. ಪ್ರತಿ ಗಡಿಯಾರಕ್ಕೂ ದಾರದಲ್ಲಿ ಒಂದು ರಟ್ಟು ಕಟ್ಟಿದರು. ಅದರಲ್ಲಿ ಗಂಟೆಯೇ ಇಲ್ಲ. ಎದ್ದ ಕೂಡಲೇ ಮಾತ್ರೆ, ಸ್ನಾನವಾದ ಮೇಲೆ ಕಾಫಿ, ಹೊರಡುವ ಮೊದಲು ಬೀಗದಕೈ. ಕಪ್ಪು ಗಡಿಯಾರದ ರಟ್ಟಿನಲ್ಲಿ ಊರಿಗೆ ಫೋನ್ ಎಂದೂ ಇತ್ತು, ಏಕೆಂದರೆ ನಾನು ಏಳುವ ಹೊತ್ತಿಗೆ ಊರಿನಲ್ಲಿ ದೀಪ ಹಚ್ಚುವ ಸಮಯ, ಅಮ್ಮ ಮನೆಯಲ್ಲೇ ಇರುತ್ತಿದ್ದರು.

ತಮಗೂ ಬೇಕೆಂದು ಅವರು ಇನ್ನೂ ಮೂರು ತಂದರು. ಶೋಕೇಸಿನ ಮೇಲೆ ಆರು ಗಡಿಯಾರ ಸಾಲಾಗಿ ಕೂತವು. ಕೆಳಗಿನ ಮನೆಯ ಪುತ್ತೂರಿನ ಬ್ಯಾರಿ ಅಕ್ಕ, ನಮ್ಮಿಬ್ಬರಿಗೂ ಹಿರಿಯಕ್ಕನಂತಿದ್ದವರು, ಮೀನು ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಎಂತದಿದು? ಗಡಿಯಾರದ ಅಂಗಡಿ ಇಟ್ಟಿದ್ದೀರಾ?"

"ಡ್ಯೂಟಿಗೊಂದು ಅಕ್ಕ."

"ನನಗೆ ಒಂದು ಗಡಿಯಾರದಲ್ಲೇ ನಾಲ್ಕು ಮಕ್ಕಳು, ಒಬ್ಬ ಗಂಡ ಎಲ್ಲ ಹೊರಡ್ತಾರೆ," ಎಂದು ಅವರು ಮೀನಿನ ಪಾತ್ರೆ ಕೈಗಿಟ್ಟರು.

ನಗಲಿ ಬಿಡಿ, ನಮ್ಮ ಏರ್ಪಾಡು ನಡೆಯಿತು. ಇನ್‌ಚಾರ್ಜ್ ಫೋನ್ ಮಾಡಿ ಡ್ಯೂಟಿ ಬದಲಿಸಿದರೆ ನಾನು ಕೆಂಪಿನ ಗುಂಡಿ ಇಳಿಸಿ ನೀಲಿಯದನ್ನು ಏರಿಸುತ್ತಿದ್ದೆ, ಖಲಾಸ್. ರಟ್ಟಿನ ಕೆಲಸಗಳೆಲ್ಲ ಅದರ ಹಿಂದೆಯೇ ಬರುತ್ತಿದ್ದವು. ನನ್ನ ಗಂಡ ಬಂದವರಿಗೆಲ್ಲ ಇದನ್ನು ವಿವರಿಸತೊಡಗಿದರು. ನೆಂಟರು ಶೋಕೇಸಿನ ಕಡೆ ನೋಡದಂತೆ ಕೂರಲು ಕಲಿತರು.

ಒಂದು ಸಲ ಇಬ್ಬರಿಗೂ ಒಟ್ಟಿಗೆ ಆಫ್ ಬಂತು. ಅದು ಅಪರೂಪ. ಅವರ ಸುತ್ತು ಒಂದು ಲೆಕ್ಕ, ನನ್ನದು ಇನ್‌ಚಾರ್ಜ್ ಪೆನ್ಸಿಲಿನ ಲೆಕ್ಕ. ಯಾವ ಗುಂಡಿಯೂ ಏರಿಸದೆ ಮಲಗಿದೆವು. ಎದ್ದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ದೋಸೆ ಮಾಡಿದೆ, ಕಾಫಿ ಕುಡಿದೆವು, ಎರಡನೆಯ ಕಾಫಿಯನ್ನೂ ಕುಡಿದೆವು. ಅವರು ಚಾಪೆ ಹಾಸಿಕೊಂಡು ಪೇಪರ್ ಓದಿದರು. ಸಂಜೆ ಕೆಳಗಿನ ಅಕ್ಕ ಒಂದು ಡಬ್ಬಿ ಸೆಮಿಗೆ ಪಾಯಸ ಹಿಡಿದು ಬಂದರು.

"ತಗೊಳ್ಳಿ, ಇವತ್ತು ಇಬ್ಬರೂ ಮನೆಯಲ್ಲಿದ್ದೀರಲ್ಲ, ಒಳ್ಳೆಯದಾಯಿತು."

"ಎಂತ ವಿಶೇಷ ಅಕ್ಕ?" ಎಂದೆ ನಾನು.

ಅಕ್ಕ ನನ್ನ ಮುಖ ನೋಡಿದರು, ನನ್ನ ಗಂಡನ ಮುಖ ನೋಡಿದರು. "ನನ್ನನ್ನು ಕೇಳ್ತೀರಾ? ನಿಮ್ಮ ಮದುವೆಯಾದ ದಿನ ಅಲ್ವಾ ಇವತ್ತು? ಕಳೆದ ವರ್ಷ ನೀವೇ ನನಗೆ ಪಾಯಸ ಕೊಟ್ಟದ್ದು!"

ಅಕ್ಕ ಮೆಟ್ಟಿಲಿಳಿಯುವವರೆಗೂ ನಗು ಕೇಳುತ್ತಿತ್ತು. ನನ್ನ ಗಂಡ ಕಪಾಟಿನ ಮೂಲೆಯಿಂದ ಡಿಜಿಟಲ್ ಡೈರಿ ಹುಡುಕಿ ತೆಗೆದರು. ಆ ದಿನದ ಪುಟದಲ್ಲಿ ಮದುವೆ ದಿನ ಎಂದು ಅವರೇ ಹಾಕಿಟ್ಟದ್ದು ಹಾಗೇ ಇತ್ತು. ವಾರ್ಡಿನ ಗಲಾಟೆಯಾದ ಮೇಲೆ ಅದರ ಸದ್ದನ್ನು ನಾನೇ ಬಂದ್ ಮಾಡಿಸಿದ್ದೆ.

"ಮದುವೆ ದಿನ ಡ್ಯೂಟಿ ನೋಡಿ ಬರುವುದಲ್ಲ," ಎಂದರು ಅವರು, ಹೊಸ ಸಂಗತಿಯೊಂದು ಹೊಳೆದವರಂತೆ. "ಅದು ತಾರೀಕು ನೋಡಿ ಬರುವುದು. ಅದಕ್ಕೆ ಡೈರಿಯೇ ಬೇಕು."

"ಅದಿರಲಿ," ಎಂದೆ ನಾನು, ಪಾಯಸದ ಚಮಚ ಬಾಯಲ್ಲಿಟ್ಟುಕೊಂಡೇ. "ನನ್ನ ಮಾತ್ರೆ?"

ಮಾತ್ರೆಯೂ ಮರೆತಿತ್ತು. ಹಿಂದಿನ ಆಫ್‌ಗಳಲ್ಲಿ ಏನಾಗಿತ್ತು ಎಂದು ಮಾತ್ರೆಯ ಸ್ಟ್ರಿಪ್ ತೆಗೆದು ಎಣಿಸಿದರೆ ಇರಬಾರದಷ್ಟು ಮಾತ್ರೆ ಉಳಿದಿದ್ದವು. ಡ್ಯೂಟಿ ಇದ್ದ ದಿನ ಮಾತ್ರ ಎಬ್ಬಿಸುವ ಏರ್ಪಾಡಿನಲ್ಲಿ ಡ್ಯೂಟಿ ಇಲ್ಲದ ದಿನಕ್ಕೆ ಜಾಗವೇ ಇರಲಿಲ್ಲ.

ಹೀಗೆ ನಾಲ್ಕನೆಯ ಗಡಿಯಾರದ ಜಗಳ ಶುರುವಾಯಿತು. ಅವರು ಬಿಳಿಯದೊಂದನ್ನು ತಂದು ಎಂಟು ಗಂಟೆಗೆ ಇಡುತ್ತೇನೆಂದರು. ಆಫಿನ ದಿನ ಅಲಾರಂ ಇಡುವವರ ಜೊತೆ ಸಂಸಾರ ಸಾಧ್ಯವಿಲ್ಲ ಎಂದೆ. ಅವರು ಒಂಬತ್ತಕ್ಕೆ ಬಂದರು. ನಾನು ಹನ್ನೊಂದು ಹೇಳಿದೆ. ಸೂಕಿನಲ್ಲಿ ಕಾರ್ಪೆಟ್ ಕೊಳ್ಳುವವರಂತೆ ಚೌಕಾಶಿ ನಡೆದು ಹತ್ತಕ್ಕೆ ಒಪ್ಪಿದೆವು. ಬಿಳಿಯದರ ರಟ್ಟಿನಲ್ಲಿ ಅವರು ಎರಡೇ ಸಾಲು ಬರೆದರು: ಮಾತ್ರೆ. ಬೇಕಾದರೆ ಮತ್ತೆ ಮಲಗು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಈ ಸಲ ರಿಪೋರ್ಟ್ ಸರಿಯಾಗಿತ್ತು. ಡಾಕ್ಟರಿಗೆ ಗಡಿಯಾರಗಳ ಕತೆ ಹೇಳಿದಾಗ ಅವರು ಕುರ್ಚಿಗೆ ಒರಗಿ ನಕ್ಕರು. ನಮ್ಮ ಇನ್‌ಚಾರ್ಜ್ ಕೂಡ ಒಂದು ದಿನ ಗುಟ್ಟಾಗಿ, ಆ ಗಡಿಯಾರಗಳನ್ನು ಯಾವ ಅಂಗಡಿಯಿಂದ ತಂದದ್ದು ಎಂದು ಕೇಳಿ ತಿಳಿದುಕೊಂಡರು.

ಮುಂದಿನ ಬಾರಿ ಇಬ್ಬರಿಗೂ ಆಫ್ ಬಂದಾಗ, ತಪ್ಪಿಹೋದ ಮದುವೆ ದಿನವನ್ನು ಆಚರಿಸಲು ಅಲ್ ಖೋರಿನ ಸಮುದ್ರದಂಡೆಗೆ ಹೋದೆವು. ಅವರು ಹಿಂದಿನ ದಿನವಷ್ಟೇ ನೈಟ್ ಮುಗಿಸಿದ್ದರು. ಚಾಪೆ ಹಾಸಿ, ಕರಿದ ಮೀನಿನ ಡಬ್ಬಿ ತೆರೆಯುವಷ್ಟರಲ್ಲಿ ನಿದ್ದೆ ಹೋದರು. ನಾನು ಅವರ ಮುಖಕ್ಕೆ ನನ್ನ ದುಪಟ್ಟಾ ಹೊದಿಸಿ, ದೋಣಿಗಳು ಬಂದು ನಿಲ್ಲುವುದನ್ನು ನೋಡುತ್ತ, ಇಬ್ಬರ ಪಾಲಿನ ಮೀನನ್ನೂ ನಿಧಾನವಾಗಿ ತಿಂದು ಮುಗಿಸಿದೆ.