ಹ್ಯಾಂಡ್‌ಪೋಸ್ಟಿಗೆ ಬಾರದ ಫಲಿತಾಂಶ

ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಭಾಗದಲ್ಲಿ ನಾನು ಕೆಲಸಕ್ಕಿದ್ದಾಗ ವರ್ಷಕ್ಕೊಂದು ದಿನ ಜಿಲ್ಲೆಯೆಲ್ಲ ನಮ್ಮನ್ನು ನೆನೆಯುತ್ತಿತ್ತು, ಅದೂ ಬೈಯಲಿಕ್ಕೆ. ಡಿಗ್ರಿ ಫಲಿತಾಂಶದ ದಿನ ಅದು. ಮೈಸೂರಿನ ನಮ್ಮ ಕೋಣೆಯಲ್ಲಿ ಇದ್ದದ್ದು ಒಂದೇ ಸರ್ವರ್. ಯಾರು ನೋಂದಣಿ ಸಂಖ್ಯೆ ಒತ್ತಿದರೂ ಅದು ಇಡೀ ಅಂಕಪಟ್ಟಿಯ ಕಡತವನ್ನು ತಡಕಿ ಉತ್ತರ ಕೊಡಬೇಕಿತ್ತು. ಸಾವಿರಾರು ಜನ ಒಟ್ಟಿಗೆ ಒತ್ತಿದರೆ ಪಾಪದ್ದು ಏನು ಮಾಡೀತು? ಹಿಂದಿನ ವರ್ಷ ಎರಡು ದಿನ ಮಲಗಿಬಿಟ್ಟಿತ್ತು.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾನು ಸಾರ್ ಎನ್ನುತ್ತಿದ್ದೆ. ಪಿರಿಯಾಪಟ್ಟಣದ ಕಡೆಯವರು. ಎಷ್ಟು ಓದಿದ್ದರೂ ಊರಿನ ಮಾತು ಬಿಟ್ಟವರಲ್ಲ. ಆ ವರ್ಷ ಅವರು ಮೇಲಿನವರನ್ನು ಕಾಡಿ ಬೇಡಿ, ಗಂಟೆಯ ಲೆಕ್ಕದಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯೊಂದನ್ನು ಹಿಡಿದಿದ್ದರು. "ಒಂದಿನಕ್ಕೆ ಅಂತ ಎಮ್ಮೆ ಕಟ್ಕೊಳಕ್ಕಾಯ್ತದೇನಮ್ಮ? ಮದ್ವೆ ಮನೆಗೆ ಪಾತ್ರೆ ತರಲ್ವಾ, ಅಂಗೆ ತಂದು ಅಂಗೇ ವಾಪಸ್ ಕೊಡದು" ಎಂದು ಅವರು ಹೇಳಿದಾಗ ನಾನು ನಕ್ಕಿದ್ದೆ.

ಕೆಲಸ ಮಾತ್ರ ನಗುವಂಥದ್ದಲ್ಲ. ಮೊದಲು ಕಡತ ತಡಕುವುದನ್ನೇ ತಪ್ಪಿಸಿದೆವು. ಪ್ರತಿ ವಿದ್ಯಾರ್ಥಿಯ ಫಲಿತಾಂಶಕ್ಕೂ ಒಂದು ಪುಟ ಮೊದಲೇ ಸಿದ್ಧ ಮಾಡಿಟ್ಟರೆ, ಕೇಳಿದವರಿಗೆ ಎತ್ತಿ ಕೊಟ್ಟರಾಯಿತು. ಆ ಪುಟಗಳನ್ನು ಬಾಡಿಗೆಯ ನಾಲ್ಕು ಸರ್ವರ್‌ಗಳಿಗೂ ಹಾಕಿದೆವು. ಅವುಗಳ ಮುಂದೆ, ಬಂದವರನ್ನು ನಾಲ್ಕಕ್ಕೂ ಹಂಚುವ ಇನ್ನೊಂದು ಯಂತ್ರ. ಸಾಲದೆ ಬಂದರೆ ಇರಲಿ ಎಂದು ಸಿದ್ಧವಾದ ಸರ್ವರಿನ ಒಂದು ಪಡಿಯಚ್ಚು ಪ್ರತಿಯನ್ನೂ ಉಳಿಸಿಕೊಂಡೆವು. ಅದರಿಂದ ಕೆಲವೇ ನಿಮಿಷಗಳಲ್ಲಿ ಹೊಸ ಸರ್ವರ್ ಎಬ್ಬಿಸಬಹುದಿತ್ತು.

ಪರೀಕ್ಷೆಗೆಂದು ನಮ್ಮ ಪ್ರೋಗ್ರಾಮೊಂದು ಸಾವಿರಾರು ಜನ ಬಂದಂತೆ ನಟಿಸಿತು. ಸಾರ್‌ಗೆ ಅದು ಸಾಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹ್ಯಾಂಡ್‌ಪೋಸ್ಟ್ ನಾಲ್ಕೂ ಕಡೆಯ ಬ್ರೌಸಿಂಗ್ ಸೆಂಟರಿನವರಿಗೆ ತಾವೇ ಫೋನು ಮಾಡಿ, ಭಾನುವಾರ ಹನ್ನೊಂದಕ್ಕೆ ಎಲ್ಲರೂ ಒಟ್ಟಿಗೆ ಒತ್ತಬೇಕೆಂದು ಒಪ್ಪಿಸಿದರು. ನನ್ನನ್ನು ಹ್ಯಾಂಡ್‌ಪೋಸ್ಟ್ ಎಂಬ ಆ ಕೂಡುರಸ್ತೆಯ ಊರಿಗೆ ಅಟ್ಟಿದರು. ಭಾನುವಾರದ ನಿದ್ದೆ ಹೋಯಿತೆಂದು ಬಸ್ಸಿನುದ್ದಕ್ಕೂ ಅವರನ್ನು ಶಪಿಸಿಕೊಂಡೇ ಹೋದೆ.

ಅಲ್ಲಿನ ಸೆಂಟರ್ ನಡೆಸುತ್ತಿದ್ದವಳು ಇಪ್ಪತ್ತೆರಡರ ಹುಡುಗಿ. ಮಾಲೀಕರು ಪಕ್ಕದ ಗೊಬ್ಬರದಂಗಡಿಯಲ್ಲಿರುತ್ತಿದ್ದರು. ಎಂಟು ಕಂಪ್ಯೂಟರು, ಒಂದು ಪ್ರಿಂಟರು, ಒಂದು ನೋಟ್‌ಬುಕ್ಕು. ಫಲಿತಾಂಶದ ದಿನ ಬೆಳಿಗ್ಗೆ ಸುತ್ತಲ ಹಳ್ಳಿಯವರೆಲ್ಲ ಬಂದು ನೋಟ್‌ಬುಕ್ಕಿನಲ್ಲಿ ನೋಂದಣಿ ಸಂಖ್ಯೆ ಬರೆಸುತ್ತಾರೆ, ಅವಳು ಸಾಲಿನ ಪ್ರಕಾರ ಒತ್ತಿ ಪ್ರಿಂಟು ತೆಗೆದು ಕೊಡುತ್ತಾಳೆ. ಸಾಲು ತಪ್ಪಿಸಿದರೆ ಜಗಳವೇ.

"ನಂದೂ ಐತೆ ಮೇಡಂ ಈ ಸಲ" ಎಂದಳು. "ಒಂದು ಪೇಪರ್ ಉಳ್ದಿತ್ತು, ಬರ್ದಿದೀನಿ. ಎಂ.ಎ.ಗೆ ಅರ್ಜಿ ತುಂಬಿಟ್ಟಿದೀನಿ. ರಿಸಲ್ಟ್ ಪ್ರಿಂಟ್ ಸೇರ್ಸಿ, ಮೈಸೂರಿಗೆ ನಾನೇ ಬಂದು ಸೈನ್ ಮಾಡಿ ಕೊಡ್ಬೇಕಂತೆ. ರಿಸಲ್ಟ್ ದಿನವೇ ನಾಕ್ ಗಂಟೆಗೆ ಕೊನೆ."

ಫಲಿತಾಂಶದ ದಿನವೇ ಅರ್ಜಿಗೂ ಕೊನೆ. ಇಂಥ ವೇಳಾಪಟ್ಟಿ ನಮ್ಮ ವಿಶ್ವವಿದ್ಯಾನಿಲಯ ಬಿಟ್ಟರೆ ಇನ್ಯಾರು ಮಾಡಿಯಾರು?

"ತಪ್ಪಿದ್ರೆ?" ಎಂದೆ.

"ಇನ್ನೊಂದ್ ವರ್ಸ ಮನೇಲಿ ಕಾಯಲ್ಲ ಮೇಡಂ. ಓದಿದ್ದು ಸಾಕು ಅಂತಾರೆ." ಬೇಜಾರಿಲ್ಲದೆ ಹೇಳಿ, ನನಗೊಂದು ಕುರ್ಚಿ ಒರೆಸಿ ಕೊಟ್ಟಳು. ಆ ಗಳಿಗೆಯಿಂದ ಅವಳ ಮೇಲೆ ನನಗೆ ಪ್ರೀತಿ ಬಂತು, ಯಾಕೆ ಮುಚ್ಚಿಡಲಿ.

ಹನ್ನೊಂದರ ನಮ್ಮ ಸರ್ವರ್ ಪರೀಕ್ಷೆ ಚೆನ್ನಾಗಿ ಆಯಿತು. ಸುಮ್ಮನಿರಬೇಕಿತ್ತು ನಾನು. ಫಲಿತಾಂಶದ ಹಿಂದಿನ ದಿನ ತಲೆಯೊಳಗೆ ಹುಳ ಹೊಕ್ಕಿತು: ಯಾರಾದರೂ ಕಿಡಿಗೇಡಿ ಒಂದೇ ಸಮನೆ ಒತ್ತಿ ಸರ್ವರ್ ಕೆಡವಿದರೆ? ಹಂಚುವ ಯಂತ್ರದಲ್ಲಿ ಒಂದು ನಿಯಮ ಬರೆದೆ. ಒಂದೇ ಇಂಟರ್‌ನೆಟ್ ವಿಳಾಸದಿಂದ ನಿಮಿಷಕ್ಕೆ ಅರವತ್ತಕ್ಕಿಂತ ಹೆಚ್ಚು ಕೋರಿಕೆ ಬಂದರೆ ಆ ವಿಳಾಸಕ್ಕೆ ಹತ್ತು ನಿಮಿಷ ಬಾಗಿಲು ಬಂದ್. ಮತ್ತೆ ಒತ್ತಿದರೆ ಹತ್ತು ನಿಮಿಷ ಮೊದಲಿಂದ ಶುರು.

"ಇದಾದ್ಮೇಲೆ ಇನ್ನೊಂದ್ಸಲ ಟೆಸ್ಟ್ ಮಾಡ್ದೇನಮ್ಮ?" ಎಂದು ಸಾರ್ ಕೇಳಿದರು.

"ಒಂದು ಸಾಲಿಗೆಲ್ಲ ಟೆಸ್ಟ್ ಯಾಕೆ ಸಾರ್" ಎಂದು ಸಿಡುಕಿದೆ. ಅವರು "ಬುಡು, ನೀನೇ ತಿಳ್ದೋಳು" ಎಂದರು.

ಮಾರನೆಯ ದಿನ ಹನ್ನೊಂದಕ್ಕೆ ಫಲಿತಾಂಶ ಬಿಟ್ಟೆವು. ಪರದೆಯ ಮೇಲೆ ಬಂದವರ ಲೆಕ್ಕ ತೋರಿಸುವ ಗೆರೆ ಜಿಗಿಯಿತು, ಆದರೆ ನಾಲ್ಕೂ ಸರ್ವರ್ ಆರಾಮವಾಗಿದ್ದವು. ಅರ್ಧಕ್ಕರ್ಧ ಖಾಲಿ. ನಾನು ಹಿಗ್ಗಿಹೋದೆ. ಸಾರ್ ಮಾತ್ರ ಗೆರೆಯನ್ನೇ ನೋಡುತ್ತಾ, "ಇಷ್ಟೇನಾ ಜನ?" ಎಂದರು. ಎಲ್ಲ ಸುಸೂತ್ರವಾಗಿದ್ದರೂ ಇವರಿಗೆ ಸಮಾಧಾನವಿಲ್ಲವಲ್ಲ ಎಂದು ಸಿಟ್ಟು ಬಂತು.

ಹನ್ನೊಂದೂ ಮುಕ್ಕಾಲಿಗೆ ಫೋನು. ಹ್ಯಾಂಡ್‌ಪೋಸ್ಟಿನ ಹುಡುಗಿ. ಹಿಂದೆ ಸಂತೆಯ ಗಲಾಟೆ. "ಮೇಡಂ, ಅನುಮತಿ ಇಲ್ಲ ಅಂತ ಬತ್ತಾ ಐತೆ. ಮುಕ್ಕಾಲ್ ಗಂಟೆಯಿಂದ ಒತ್ತತಾನೇ ಇದೀವಿ."

"ನಿಮ್ಮ ಇಂಟರ್‌ನೆಟ್ಟೇ ಸರಿಯಿಲ್ಲ, ನೋಡ್ಕೋ. ಇಲ್ಲಿ ಎಲ್ಲ ಚೆನ್ನಾಗಿದೆ" ಎಂದು ರೇಗಿದೆ.

ಸಾರ್ ಫೋನು ಕೈಗೆ ತೆಗೆದುಕೊಂಡರು. "ಎಷ್ಟು ಕಂಪ್ಯೂಟರ್ ಅವೆ ಕಣವ್ವ ನಿನ್ ತಾವ? ಎಂಟಾ? ಎಂಟ್ಕೂ ಸೇರಿ ಒಂದೇ ಕನೆಕ್ಷನ್ನಾ?" ಎಂದು ಕೇಳಿ ನನ್ನ ಕಡೆ ತಿರುಗಿದರು.

ಆಗ ಹೊಳೆಯಿತು ನನಗೆ. ಎಂಟು ಕಂಪ್ಯೂಟರೂ ಒಂದೇ ಸಂಪರ್ಕದಿಂದ ಹೊರಬಂದರೆ ನಮಗೆ ಕಾಣುವುದು ಒಂದೇ ವಿಳಾಸ. ಒಂದು ಪುಟಕ್ಕೆ ಲಾಂಛನ, ಅಲಂಕಾರ ಎಂದು ನಾಲ್ಕೈದು ಕೋರಿಕೆ. ಎಂಟು ಜನ ಎರಡು ಸಲ ಒತ್ತಿದರೆ ಅರವತ್ತು ಮುಗಿಯಿತು. ತಡೆಹಿಡಿದ ವಿಳಾಸಗಳ ಪಟ್ಟಿ ತೆಗೆದು, ಭಾನುವಾರದ ಪರೀಕ್ಷೆಯ ದಾಖಲೆಯ ಪಕ್ಕಕ್ಕಿಟ್ಟು ನೋಡಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹ್ಯಾಂಡ್‌ಪೋಸ್ಟ್, ನಾಲ್ಕೂ ಅಲ್ಲಿದ್ದವು. ಮೈಸೂರಿನಲ್ಲಿ ಮನೆಯಲ್ಲೇ ಕಂಪ್ಯೂಟರಿದ್ದವರು ಹಾಯಾಗಿ ನೋಡಿಕೊಂಡಿದ್ದರು. ಮಿರ್ಲೆಯಲ್ಲಿ ಹುಟ್ಟಿ, ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಫಲಿತಾಂಶಕ್ಕೆ ಕಾದು ಬೆಳೆದ ನಾನೇ ನಮ್ಮೂರುಗಳನ್ನು ಹೊರಗೆ ನಿಲ್ಲಿಸಿದ್ದೆ.

ನಿಯಮ ಅಳಿಸಿದೆ. ಗೆರೆ ಸರ್ರನೆ ಮೇಲೆದ್ದಿತು. ಸರ್ವರ್‌ಗಳು ಏದುಸಿರು ಬಿಡತೊಡಗಿದವು. ಉಳಿಸಿಟ್ಟಿದ್ದ ಪ್ರತಿಯಿಂದ ಇನ್ನೂ ಮೂರು ಎಬ್ಬಿಸಿ, ಹಂಚುವ ಪಟ್ಟಿಗೆ ಸೇರಿಸುವ ಹೊತ್ತಿಗೆ ಹನ್ನೆರಡೂ ಕಾಲು. ಹ್ಯಾಂಡ್‌ಪೋಸ್ಟಿಗೆ ಫೋನು ಮಾಡಿ, "ಮೊದಲು ನಿಂದು ನೋಡ್ಕೊಂಡು ಬಸ್ ಹತ್ತು" ಎಂದೆ.

"ನಂದು ನೋಟ್‌ಬುಕ್‌ನಲ್ಲಿ ಕೊನೇಗೈತೆ ಮೇಡಂ. ಇವ್ರೆಲ್ಲ ಆರ್ ಗಂಟೆಗೇ ಬಂದೋರು" ಎಂದು ಫೋನು ಇಟ್ಟುಬಿಟ್ಟಳು.

ಮಧ್ಯಾಹ್ನವೆಲ್ಲ ಗಡಿಯಾರ ನೋಡುತ್ತಾ ಕುಳಿತೆ. ಮೂರು ನಲವತ್ತಕ್ಕೆ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಳು, ಬೆವರುತ್ತಾ. ಸಾಲು ಮುಗಿಯದೆ, ಮಾಲೀಕರನ್ನು ಕುರ್ಚಿಯಲ್ಲಿ ಕೂರಿಸಿ ಬಸ್ಸು ಹತ್ತಿದ್ದಳು. ತನ್ನದನ್ನು ನೋಡಿಯೇ ಇರಲಿಲ್ಲ.

ಅವಳ ಸಂಖ್ಯೆ ಕೇಳಿ ಒತ್ತಿದೆ. ಪುಟ ತೆರೆಯಿತು. ಉತ್ತೀರ್ಣ. ಪ್ರಿಂಟು ತೆಗೆದು ಅವಳ ಕೈಗಿಟ್ಟೆ. ಸಾರ್ "ಓಡ್ರಮ್ಮ" ಎಂದು ತಾವೇ ಮುಂದೆ ಓಡಿದರು. ಪ್ರವೇಶ ವಿಭಾಗ ಎರಡು ಕಟ್ಟಡದಾಚೆ. ಗುಮಾಸ್ತರು ಕಿಟಕಿ ಎಳೆಯುತ್ತಿದ್ದರು.

"ಬೆಳಿಗ್ಗೆ ಹನ್ನೊಂದಕ್ಕೇ ರಿಸಲ್ಟ್ ಬಂದಿದೆ. ಇಷ್ಟೊತ್ತು ಏನಮ್ಮ ಮಾಡ್ತಿದ್ದೆ?" ಎಂದು ಅವರು ಗದರಿದರು.

ಅವಳು ಒಮ್ಮೆ ನನ್ನ ಮುಖ ನೋಡಿದಳು. "ಬಸ್ ತಡ ಆಯ್ತು ಸಾ" ಎಂದಳು.

"ಬಸ್ಸಲ್ಲ ಕಣ್ರೀ, ನಾನು ತಡ ಮಾಡಿದ್ದು" ಎಂದೆ. ಗುಮಾಸ್ತರು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ ಸೀಲು ಒತ್ತಿದರು. ಅವಳು ಸಹಿ ಹಾಕುತ್ತಿದ್ದಳು. ನಾನು ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ಸಾರ್ ಒಬ್ಬರೇ ನೋಡಿದ್ದು.