ಲುಕ್, ಆಫ್ಟರ್, ಮಧ್ಯೆ ನುಗ್ಗಿದ 'ಹರ್'

ಟ್ಯುಟೋರಿಯಲ್ಲಿನಲ್ಲಿ ಅಕ್ಕನಿಗೆ ಸ್ಕೇಲ್ ಮಿಸ್ ಎಂದೇ ಹೆಸರು. ಬೋರ್ಡಿನ ಮೇಲೆ ಗೆರೆ ಎಳೆಯದೆ ಅವಳಿಗೆ ಇಂಗ್ಲಿಷ್ ಕಲಿಸಲು ಬರುತ್ತಿರಲಿಲ್ಲ. ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಕೆಲಸಕ್ಕೆ ಪರದೇಶಕ್ಕೆ ಹೊರಟ ಹೆಂಗಸರಿಗೆ ವರ್ಷಗಟ್ಟಲೆ ಅವಳೇ ಪಾಠ ಹೇಳಿದ್ದಳು. ಆ ಹೆಂಗಸರ ಇಂಗ್ಲಿಷಿನ ಭಯವನ್ನೇ ಬಂಡವಾಳ ಮಾಡಿಕೊಂಡ ಟ್ಯುಟೋರಿಯಲ್ ಯಜಮಾನನಿಗೆ ಕೈಮುಗಿದು ತಂಗಿಗೂ ಅಲ್ಲೇ ಕೆಲಸ ಕೊಡಿಸಿದ್ದಳು. ಈಗ ತಂಗಿಯ ಕೋಣೆಯಿಂದ ನಗು ಕೇಳಿಬಂದರೆ ಇವಳ ಹೊಟ್ಟೆಯಲ್ಲಿ ಕಿಚ್ಚು.

ಹಿರಿಯ ಬ್ಯಾಚಿನ ಪಾಠ ಇನ್ನುಮುಂದೆ ಅಕ್ಕ ತಂಗಿಯರಲ್ಲಿ ಒಬ್ಬರಿಗೆ ಮಾತ್ರ ಎಂದ ಯಜಮಾನ, ತಂಗಿಯ ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಅಕ್ಕ.

ತಂಗಿ ಇಬ್ಬರು ಹೆಂಗಸರನ್ನು ನಿಲ್ಲಿಸಿದಳು. ಒಬ್ಬಳು 'ಪಿಕ್', ಇನ್ನೊಬ್ಬಳು 'ಅಪ್'. "ಬ್ಯಾಗ್ ಕೊನೆಗೂ ನಿಲ್ಲಬಹುದು, ಮಧ್ಯೆಯೂ ನಿಲ್ಲಬಹುದು. ಪಿಕ್ ಅಪ್ ದ ಬ್ಯಾಗ್, ಪಿಕ್ ದ ಬ್ಯಾಗ್ ಅಪ್, ಎರಡೂ ಸರಿ. 'ಇಟ್' ಮಾತ್ರ ಹಟಮಾರಿ ಕೂಸು, ಮಧ್ಯೆಯೇ ಮಲಗ್ಬೇಕು. ಪಿಕ್ ಇಟ್ ಅಪ್!" 'ಇಟ್' ಆದ ಮೂರನೆಯವಳು ಇಬ್ಬರ ಮಧ್ಯೆ ನುಗ್ಗಿದಳು. ಕೋಣೆಯೆಲ್ಲ ನಗು. ಯಜಮಾನನ ಹಲ್ಲೂ ಕಂಡಿತು. ಇದನ್ನೇ ತಾನು ಎಷ್ಟು ಸಲ ಗೆರೆ ಎಳೆದು ಹೇಳಿದ್ದೆ, ಒಂದು ನರಪಿಳ್ಳೆಯೂ ನಕ್ಕಿರಲಿಲ್ಲ ಎಂದುಕೊಳ್ಳುತ್ತ ಅಕ್ಕ ಸ್ಕೇಲನ್ನು ಬಿಗಿಯಾಗಿ ಹಿಡಿದಳು.

"ಇನ್ನು ಲುಕ್, ಆಫ್ಟರ್" ಎಂದು ತಂಗಿ ನಿಂತ ಇಬ್ಬರ ಹೆಸರು ಬದಲಿಸಿದಳು. 'ಹರ್' ಆದವಳೂ ಮಧ್ಯೆಯೇ ನುಗ್ಗಿದಳು. "ಐ ವಿಲ್ ಲುಕ್ ಹರ್ ಆಫ್ಟರ್!"

"ಶಭಾಷ್!" ಎಂದಳು ತಂಗಿ.

ಹಿಂದಿನ ದಿನವೇ ತಂಗಿ ಈ ಪಾಠವನ್ನು ತೋರಿಸಿ, "ನೋಡೇ ಅಕ್ಕ, ಸರಿಯಿದೆಯಾ?" ಎಂದು ಕೇಳಿದ್ದಳು. ಅಕ್ಕ ತಪ್ಪನ್ನು ಕಂಡೂ "ಚೆನ್ನಾಗಿದೆ" ಎಂದಿದ್ದಳು. ಈ ಗಳಿಗೆಗಾಗಿಯೇ. ಈಗ ಎದ್ದು ನಿಂತಳು.

"ತಪ್ಪು. ಪಿಕ್ ಅಪ್ ಬಿಡಿಸ್ಬಹುದು, ಲುಕ್ ಆಫ್ಟರ್ ಬಿಡಿಸೋಕಾಗಲ್ಲ. ಬೇಬಿ ಆಗ್ಲಿ, ಹರ್ ಆಗ್ಲಿ, ಕೊನೆಗೇ ನಿಲ್ಬೇಕು. ಲುಕ್ ಆಫ್ಟರ್ ಹರ್."

ನಗು ನಿಂತಿತು. 'ಹರ್' ಆದವಳು ತಂಗಿಯ ಕಡೆ ತಿರುಗಿದಳು. ಮರುದಿನವೇ ಅವಳಿಗೆ ಇಂಟರ್‌ವ್ಯೂ. "ಮಿಸ್, ನಾಳೆ ಇದನ್ನೇ ಹೇಳಿಬಿಟ್ಟಿದ್ರೆ ನನ್ನ ಗತಿ?"

ಅಕ್ಕನಿಗೆ ಆಗ ಹೊಳೆಯಿತು: ಗುರಿಯಿಟ್ಟಿದ್ದು ತಂಗಿಗೆ, ನೆಲಕ್ಕೆ ಬೀಳುತ್ತಿದ್ದವಳು ಈ ಹೆಂಗಸು.

ತಂಗಿ ಮಾತ್ರ ಕಂಗೆಡಲಿಲ್ಲ. "ಬಾ ಅಕ್ಕ, ನೀನು ಆಫ್ಟರ್, ನಾನು ಲುಕ್." ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಈಗ ನುಗ್ಗಮ್ಮ, ನೋಡೋಣ!"

'ಹರ್' ಎಷ್ಟು ತಳ್ಳಿದರೂ ಅಕ್ಕ ತಂಗಿ ಕೈ ಬಿಡಲಿಲ್ಲ. ಮೊದಲಿಗಿಂತ ದೊಡ್ಡ ನಗು ಎದ್ದಿತು. ಅವಳು ಸೋತು, ಅಕ್ಕನ ಆಚೆ ಕೊನೆಗೆ ಹೋಗಿ ನಿಂತು, "ಐ ವಿಲ್ ಲುಕ್ ಆಫ್ಟರ್ ಹರ್" ಎಂದಳು.

ಯಜಮಾನ ಅಲ್ಲೇ ಹಿರಿಯ ಬ್ಯಾಚನ್ನು ತಂಗಿಗೆ ಕೊಟ್ಟ. ಅಕ್ಕನ ತಿದ್ದುಪಡಿಯೂ ತಂಗಿಯ ಆಟವಾಗಿ ಹೋಗಿತ್ತು.

ಎಲ್ಲರೂ ಹೋದ ಮೇಲೆ ತಂಗಿ ಮೆಲ್ಲಗೆ ಕೇಳಿದಳು, "ನಿನ್ನೆ ಯಾಕೆ ಹೇಳ್ಲಿಲ್ಲ?"

"ಗಮನಿಸ್ಲಿಲ್ಲ ಕಣೇ."

"ನೀನಾ?"

ಅಕ್ಕ ಬೋರ್ಡಿನ ಕಡೆ ತಿರುಗಿ, ಅಲ್ಲಿಲ್ಲದ ಗೆರೆಯನ್ನು ಒರೆಸತೊಡಗಿದಳು.